ಒಂಬತ್ತು, ಮೂರು, ಮೂರು, ಒಂದು: ದ್ವಿತಳೀಕರಣದ ಅನುಪಾತವನ್ನು ಓದುವ ಬಗೆ



ನಾನು ಮಾಡಿದ ಒಂದು ತಪ್ಪಿನಿಂದ ಈ ಮಾತನ್ನು ಆರಂಭಿಸುತ್ತೇನೆ. ಹಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಮಕ್ಕಳಿಗೆ ದ್ವಿತಳೀಕರಣವನ್ನು ಕಲಿಸಿ, ನಾಣ್ಯಗಳನ್ನು ಚಿಮ್ಮಿ ಹದಿನಾರು ಸಂತಾನಗಳ ಲೆಕ್ಕ ಬರೆದುಕೊಂಡು ಬರಲು ಹೇಳಿದ್ದೆ. ಹೆಚ್ಚಿನ ಮಕ್ಕಳ ಪುಸ್ತಕದಲ್ಲಿ 9, 3, 3, 1 ಎಂದೇ ಇತ್ತು. ಒಬ್ಬ ಹುಡುಗಿ ಮಾತ್ರ 11, 2, 3, 0 ಎಂದು ಬರೆದಿದ್ದಳು. ನಾನು ಕೆಂಪು ಮಸಿಯಿಂದ 'ತಪ್ಪು, ಮತ್ತೆ ಮಾಡು' ಎಂದು ಬರೆದೆ. ಮರುದಿನ ಅವಳ ಪುಸ್ತಕದಲ್ಲೂ 9, 3, 3, 1 ಬಂದಿತ್ತು. ಅವಳು ನಾಣ್ಯಗಳನ್ನು ಮತ್ತೆ ಚಿಮ್ಮಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಆ ತರಗತಿಯಲ್ಲಿ ನಿಜವಾಗಿ ಎಣಿಸಿದ್ದವಳು ಪ್ರಾಯಶಃ ಅವಳೊಬ್ಬಳೇ. ಆಕೆಗೆ ನಾನು ಕಲಿಸಿದ್ದು ಅನುವಂಶೀಯತೆಯ ಪಾಠವನ್ನಲ್ಲ, ಉತ್ತರಕ್ಕೆ ತಕ್ಕಂತೆ ಲೆಕ್ಕವನ್ನು ತಿದ್ದುವ ಅಭ್ಯಾಸವನ್ನು.

ಆ ತಪ್ಪಿನ ಮೂಲವೆಂದರೆ, ವ್ಯಕ್ತರೂಪದ ಅನುಪಾತ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ನನಗೇ ಸ್ಪಷ್ಟವಿಲ್ಲದಿದ್ದುದು. ಇಂದು ಅಷ್ಟನ್ನೇ ವಿಚಾರಿಸೋಣ. ನಾವು ಬೇರೆ ಬೇರೆ ರಾಜ್ಯಗಳ ಪಠ್ಯಕ್ರಮಗಳನ್ನು ಬೋಧಿಸುವವರಾದ್ದರಿಂದ ಪಾರಿಭಾಷಿಕ ಪದಗಳು ಒಂದೇ ಆಗಿರಲಾರವು. ನಾನು ಕಣ್ಣಿಗೆ ಕಾಣುವ ಲಕ್ಷಣವನ್ನು ವ್ಯಕ್ತರೂಪವೆಂದೂ, ಅದರ ಹಿಂದಿರುವ ಜೀನುಗಳ ಜೋಡಣೆಯನ್ನು ಜೀನುರೂಪವೆಂದೂ, ಪರಾಗ ಹಾಗೂ ಅಂಡಾಣುಗಳನ್ನು ಒಟ್ಟಾಗಿ ಲಿಂಗಾಣುಗಳೆಂದೂ ಕರೆಯುತ್ತೇನೆ.

ಮೊದಲು ಮೆಂಡೆಲ್ ಅವರ ಎಣಿಕೆಯನ್ನೇ ನೋಡೋಣ. ಅವರು ತಮ್ಮ ಫಲಿತಾಂಶಗಳನ್ನು 1865ರಲ್ಲಿ ಬ್ರನೋ ನಗರದ ವಿಜ್ಞಾನ ಸಂಘದ ಮುಂದೆ ಓದಿದರು. ಪ್ರಬಂಧ 1866ರಲ್ಲಿ ಅಚ್ಚಾಯಿತು. ದುಂಡನೆಯ ಹಳದಿ ಬೀಜದ ಬಟಾಣಿಯನ್ನು ಸುಕ್ಕುಗಟ್ಟಿದ ಹಸಿರು ಬೀಜದ ಬಟಾಣಿಯೊಂದಿಗೆ ಸಂಕರಿಸಿದಾಗ ದೊರೆತ ಬೀಜಗಳೆಲ್ಲ ದುಂಡಗೆ ಹಳದಿಯಾಗಿದ್ದವು. ಆ ಬೀಜಗಳನ್ನು ಬಿತ್ತಿ ಬೆಳೆಸಿದ 15 ಗಿಡಗಳನ್ನು ಸ್ವಕೀಯ ಪರಾಗಸ್ಪರ್ಶಕ್ಕೆ ಬಿಟ್ಟಾಗ ಒಟ್ಟು 556 ಬೀಜಗಳು ದೊರೆತವು. ಅವುಗಳಲ್ಲಿ ದುಂಡು ಹಳದಿ 315, ಸುಕ್ಕು ಹಳದಿ 101, ದುಂಡು ಹಸಿರು 108, ಸುಕ್ಕು ಹಸಿರು 32.

ಇಲ್ಲಿ ಮಕ್ಕಳು ಎಡವುವ ಒಂದು ಸ್ಥಳವಿದೆ. 15 ಗಿಡಗಳಿಂದ 556 ಎಂಬ ಸಂಖ್ಯೆ ಹೇಗೆ ಬಂತು? ಬೀಜದ ಆಕಾರವೂ ಒಳಗಿನ ಬೇಳೆಯ ಬಣ್ಣವೂ ಆ ಬೀಜದೊಳಗಿರುವ ಎಳೆಯ ಸಸ್ಯದ ಲಕ್ಷಣಗಳು; ಬೀಜವನ್ನು ಹೊತ್ತ ತಾಯಿ ಗಿಡದ ಲಕ್ಷಣಗಳಲ್ಲ. ಆದ್ದರಿಂದ ಮೊದಲ ಪೀಳಿಗೆಯ ಗಿಡದಲ್ಲಿ ಬಿಟ್ಟ ಕಾಯಿಯೊಳಗಿನ ಒಂದೊಂದು ಬೀಜವೂ ಎರಡನೆಯ ಪೀಳಿಗೆಯ ಒಂದೊಂದು ಜೀವಿ. ಒಂದೇ ಕಾಯಿಯಲ್ಲಿ ಹಳದಿ ಬೀಜವೂ ಹಸಿರು ಬೀಜವೂ ಅಕ್ಕಪಕ್ಕದಲ್ಲಿ ಇರುವುದು ಈ ಕಾರಣದಿಂದಲೇ. ಗಿಡದ ಎತ್ತರವನ್ನೋ ಹೂವಿನ ಬಣ್ಣವನ್ನೋ ಎಣಿಸಬೇಕಾದರೆ ಆ ಬೀಜಗಳನ್ನು ಬಿತ್ತಿ ಇನ್ನೊಂದು ಬೆಳೆಯವರೆಗೆ ಕಾಯಬೇಕು. ಇದನ್ನು ಹೇಳದೆ ಹೋದರೆ ಮಗು ಯಾವ ಪೀಳಿಗೆಯನ್ನು ಎಣಿಸುತ್ತಿದ್ದೇನೆಂದು ತಿಳಿಯದೆ ಅನುಪಾತವನ್ನು ಬಾಯಿಪಾಠ ಮಾಡುತ್ತದೆ.

ಈಗ ಆ ನಾಲ್ಕು ಸಂಖ್ಯೆಗಳನ್ನು ಓದಬೇಕು. ನೇರವಾಗಿ 9:3:3:1ಕ್ಕೆ ಹೋಲಿಸುವ ಮುನ್ನ ಒಂದೊಂದು ಲಕ್ಷಣವನ್ನೂ ಬೇರೆಯಾಗಿ ಕೂಡಿಸುವುದು ಸರಿಯಾದ ಕ್ರಮ. ಬಣ್ಣವನ್ನು ಮರೆತು ಆಕಾರವನ್ನು ಮಾತ್ರ ನೋಡಿದರೆ ದುಂಡು 315 ಮತ್ತು 108 ಸೇರಿ 423, ಸುಕ್ಕು 101 ಮತ್ತು 32 ಸೇರಿ 133. ಅನುಪಾತ ಸುಮಾರು 3.18:1. ಆಕಾರವನ್ನು ಮರೆತು ಬಣ್ಣವನ್ನು ನೋಡಿದರೆ ಹಳದಿ 416, ಹಸಿರು 140, ಸುಮಾರು 2.97:1. ಎರಡೂ 3:1ಕ್ಕೆ ಹತ್ತಿರ. ಅಂದರೆ ಪ್ರತಿಯೊಂದು ಲಕ್ಷಣವೂ ತನ್ನಷ್ಟಕ್ಕೆ ಏಕತಳೀಕರಣದ ನಿಯಮದಂತೆಯೇ ನಡೆದಿದೆ.

ಇದಾದ ಮೇಲೆ ಎರಡನೆಯ ಪ್ರಶ್ನೆ: ಈ ಎರಡು ಲಕ್ಷಣಗಳಿಗೆ ಪರಸ್ಪರ ನಂಟುಂಟೇ? ದುಂಡಾಗುವ ಸಂಭವ ನಾಲ್ಕರಲ್ಲಿ ಮೂರು, ಹಳದಿಯಾಗುವ ಸಂಭವವೂ ನಾಲ್ಕರಲ್ಲಿ ಮೂರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದಾದರೆ ಎರಡೂ ಕೂಡಿ ಬರುವ ಸಂಭವ 3/4 × 3/4 = 9/16. ಹಾಗೆಯೇ ಸುಕ್ಕು ಹಳದಿ 1/4 × 3/4 = 3/16, ದುಂಡು ಹಸಿರು 3/16, ಸುಕ್ಕು ಹಸಿರು 1/16. ಆದುದರಿಂದ 9:3:3:1 ಎಂಬುದು ಒಂದೇ ಹೇಳಿಕೆಯಲ್ಲ. ಅದರೊಳಗೆ ಮೂರು ಹೇಳಿಕೆಗಳಿವೆ. ಮೊದಲ ಲಕ್ಷಣ 3:1, ಎರಡನೆಯ ಲಕ್ಷಣ 3:1, ಮತ್ತು ಅವೆರಡೂ ಒಂದನ್ನೊಂದು ಅವಲಂಬಿಸಿಲ್ಲ. ಈ ಮೂರನೆಯದೇ ಸ್ವತಂತ್ರ ವಿಂಗಡಣೆಯ ನಿಯಮ. ಪನೆಟ್ ಚೌಕದ ಹದಿನಾರು ಮನೆಗಳನ್ನು ತುಂಬುವ ಮಗು ಈ ಗುಣಾಕಾರವನ್ನೇ ಮಾಡುತ್ತಿದೆ, ಆದರೆ ಅದು ಅದಕ್ಕೆ ತಿಳಿದಿರುವುದಿಲ್ಲ. 556 ಬೀಜಗಳಿಗೆ ಈ ಲೆಕ್ಕ ಹಾಕಿದರೆ ನಿರೀಕ್ಷಿತ ಸಂಖ್ಯೆಗಳು 312.75, 104.25, 104.25 ಮತ್ತು 34.75. ದೊರೆತವು 315, 101, 108, 32.

ಚೌಕದಲ್ಲಿ ಹದಿನಾರು ಮನೆಗಳಿರುವುದರಿಂದಲೇ ಇನ್ನೊಂದು ಭ್ರಮೆ ಹುಟ್ಟುತ್ತದೆ. ಹದಿನಾರು ಸಂತಾನಗಳಾದರೆ ಒಂಬತ್ತು, ಮೂರು, ಮೂರು, ಒಂದು ಎಂದು ಹಂಚಿಕೆಯಾಗಲೇಬೇಕೆಂದು ಮಕ್ಕಳು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆ. ಚೌಕದ ಮನೆಗಳು ಸಂತಾನಗಳಲ್ಲ. ಅವು ಸಮಾನ ಸಂಭವವುಳ್ಳ ಹದಿನಾರು ಕೂಡಿಕೆಗಳು. ಪ್ರತಿಯೊಂದು ಬೀಜವೂ ಹೊಸದಾಗಿ ಆ ಹದಿನಾರರಲ್ಲಿ ಒಂದನ್ನು ಪಡೆಯುತ್ತದೆ. ಹಿಂದಿನ ಬೀಜ ಏನನ್ನು ಪಡೆಯಿತೆಂಬುದು ಅದಕ್ಕೆ ತಿಳಿಯದು. ಲೆಕ್ಕ ಹಾಕಿ ನೋಡಿದರೆ, ಹದಿನಾರು ಬೀಜಗಳಲ್ಲಿ ಕರಾರುವಾಕ್ಕಾಗಿ 9, 3, 3, 1 ಬರುವ ಸಂಭವ ನೂರಕ್ಕೆ ಎರಡೂವರೆ ಮಾತ್ರ. ನಲವತ್ತು ಮಕ್ಕಳು ಪ್ರಾಮಾಣಿಕವಾಗಿ ಎಣಿಸಿದರೆ ಸರಾಸರಿ ಒಬ್ಬರ ಪುಸ್ತಕದಲ್ಲಷ್ಟೇ ಆ ಸಂಖ್ಯೆಗಳು ಕಾಣಬೇಕು. ಹದಿನಾರರಲ್ಲಿ ಒಂದೂ ಸುಕ್ಕು ಹಸಿರು ಬರದಿರುವ ಸಂಭವ (15/16)^16, ಅಂದರೆ ನೂರಕ್ಕೆ ಸುಮಾರು ಮೂವತ್ತಾರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳ ಕೊನೆಯ ಅಂಕಣದಲ್ಲಿ ಸೊನ್ನೆ ಇರುವುದೇ ಸಹಜ. ಆ ಹುಡುಗಿಯ 11, 2, 3, 0 ಅಸಾಧಾರಣವಾಗಿರಲಿಲ್ಲ. ಇಡೀ ತರಗತಿಯೇ 9, 3, 3, 1 ಎಂದು ಬರೆದದ್ದು ಅಸಾಧಾರಣವಾಗಿತ್ತು. ನಾನು ಸಂಶಯಪಡಬೇಕಾದದ್ದು ಅದನ್ನು.

ಹಾಗಾದರೆ ದೊರೆತ ಸಂಖ್ಯೆ ನಿರೀಕ್ಷೆಗೆ ಸಾಕಷ್ಟು ಹತ್ತಿರವಿದೆಯೆಂದು ಹೇಗೆ ನಿರ್ಧರಿಸುವುದು? ಮೇಲಿನ ತರಗತಿಗಳಲ್ಲಿ ಬಳಸುವ ಕೈ-ವರ್ಗ ಪರೀಕ್ಷೆ ಅಧ್ಯಾಪಕರಿಗೆ ತಿಳಿದಿರುವುದು ಒಳ್ಳೆಯದು. ಪ್ರತಿಯೊಂದು ವರ್ಗದಲ್ಲೂ ದೊರೆತದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ನಾಲ್ಕನ್ನೂ ಕೂಡಿಸಬೇಕು. ನಾಲ್ಕು ವರ್ಗಗಳಿರುವಾಗ ಮೊತ್ತ 7.8ಕ್ಕಿಂತ ಕಡಮೆಯಿದ್ದರೆ ಆ ವ್ಯತ್ಯಾಸವನ್ನು ಆಕಸ್ಮಿಕವೆಂದು ಒಪ್ಪುವುದು ವಾಡಿಕೆ. ಮೆಂಡೆಲ್ ಅವರ 556 ಬೀಜಗಳಿಗೆ ಇದು ಸುಮಾರು 0.47. ಆದರೆ ಯಾವುದೇ ವರ್ಗದ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಮೆಯಿದ್ದರೆ ಈ ಪರೀಕ್ಷೆಯನ್ನು ನಂಬಲಾಗದು. ಹದಿನಾರು ಸಂತಾನಗಳ ಪಟ್ಟಿಯಲ್ಲಿ ಮೂರು ವರ್ಗಗಳ ನಿರೀಕ್ಷೆ ಐದನ್ನು ಮುಟ್ಟುವುದಿಲ್ಲ. ಅಷ್ಟು ಚಿಕ್ಕ ಎಣಿಕೆಯಿಂದ ಅನುಪಾತ ಸರಿಯೆಂದೂ ಹೇಳಲಾಗದು, ತಪ್ಪೆಂದೂ ಹೇಳಲಾಗದು.

ಇನ್ನು 'ಒಂಬತ್ತು' ಎಂಬ ಸಂಖ್ಯೆಯ ಒಳಗೆ ಹೋಗೋಣ. ದುಂಡು ಹಳದಿ ಬೀಜಗಳೆಲ್ಲ ಕಣ್ಣಿಗೆ ಒಂದೇ. ಒಳಗೆ ಒಂದೇ ಅಲ್ಲ. ದುಂಡು ಆಕಾರಕ್ಕೆ R, ಸುಕ್ಕಿಗೆ r, ಹಳದಿಗೆ Y, ಹಸಿರಿಗೆ y ಎಂದು ಬರೆದರೆ ಒಂದು ದುಂಡು ಹಳದಿ ಬೀಜ RRYY, RRYy, RrYY, RrYy ಎಂಬ ನಾಲ್ಕರಲ್ಲಿ ಯಾವುದೂ ಆಗಿರಬಹುದು. ಚೌಕದ ಒಂಬತ್ತು ಮನೆಗಳು ಇವುಗಳಿಗೆ 1:2:2:4 ಎಂದು ಹಂಚಿಹೋಗುತ್ತವೆ. ಮೆಂಡೆಲ್ ಇದನ್ನು ಕಾಗದದ ಮೇಲಷ್ಟೇ ನಂಬಲಿಲ್ಲ. ದುಂಡು ಹಳದಿ ಬೀಜಗಳನ್ನು ಬಿತ್ತಿ, ಕಾಯಿ ಕೊಟ್ಟ 301 ಗಿಡಗಳನ್ನು ಒಂದೊಂದಾಗಿ ಪರಿಶೀಲಿಸಿದರು. 38 ಗಿಡಗಳು ದುಂಡು ಹಳದಿಯನ್ನು ಮಾತ್ರ ಕೊಟ್ಟವು. 65 ಗಿಡಗಳಲ್ಲಿ ಬಣ್ಣ ಮಾತ್ರ ಒಡೆಯಿತು, 60ರಲ್ಲಿ ಆಕಾರ ಮಾತ್ರ ಒಡೆಯಿತು, 138ರಲ್ಲಿ ಎರಡೂ ಒಡೆದವು. 301ನ್ನು 1:2:2:4ರಂತೆ ಹಂಚಿದರೆ ಸುಮಾರು 33, 67, 67, 134. ವ್ಯಕ್ತರೂಪದ ಅನುಪಾತ ಮತ್ತು ಜೀನುರೂಪದ ಅನುಪಾತ ಎರಡೂ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಪರೀಕ್ಷೆಯಲ್ಲಿ 'ಶುದ್ಧ ತಳಿಯ ದುಂಡು ಹಳದಿ ಎಷ್ಟು?' ಎಂದು ಕೇಳಿದರೆ ಉತ್ತರ ಹದಿನಾರರಲ್ಲಿ ಒಂದು, ಒಂಬತ್ತಲ್ಲ.

ನಮ್ಮ ಕೈಯಲ್ಲಿರುವ ಗಿಡ ಆ ನಾಲ್ಕರಲ್ಲಿ ಯಾವುದೆಂದು ತಿಳಿಯಲು ಪರೀಕ್ಷಾ ಸಂಕರಣವಿದೆ. ಆ ಗಿಡವನ್ನು ಎರಡೂ ಲಕ್ಷಣಗಳಲ್ಲಿ ದುರ್ಬಲವಾದ rryy ಗಿಡದೊಂದಿಗೆ ಸಂಕರಿಸುತ್ತೇವೆ. ದುರ್ಬಲ ಗಿಡವನ್ನೇ ಏಕೆ ಆರಿಸಬೇಕು? ಅದು ಕೊಡಬಲ್ಲ ಲಿಂಗಾಣು ry ಒಂದೇ. ಅದು ಏನನ್ನೂ ಮರೆಮಾಡುವುದಿಲ್ಲ. ಆದ್ದರಿಂದ ಬೀಜದಲ್ಲಿ ಕಾಣುವ ರೂಪವು ಪರೀಕ್ಷೆಗೆ ಒಳಗಾದ ಗಿಡ ಕೊಟ್ಟ ಲಿಂಗಾಣುವಿನ ನೇರ ಪ್ರತಿಬಿಂಬ. ಬೀಜ ದುಂಡು ಹಸಿರಾಗಿದ್ದರೆ ಆ ಗಿಡದಿಂದ Ry ಲಿಂಗಾಣು ಬಂದಿದೆ, ಅನುಮಾನಕ್ಕೆ ಎಡೆಯಿಲ್ಲ. ಪರೀಕ್ಷಾ ಸಂಕರಣದಲ್ಲಿ ನಾವು ಎಣಿಸುವುದು ಬೀಜಗಳನ್ನಾದರೂ ಓದುವುದು ಲಿಂಗಾಣುಗಳನ್ನು.

ಫಲಿತಾಂಶಗಳು ನಾಲ್ಕು ಬಗೆ. ಗಿಡ RRYY ಆಗಿದ್ದರೆ ಎಲ್ಲವೂ ದುಂಡು ಹಳದಿ. RRYy ಆಗಿದ್ದರೆ ದುಂಡು ಹಳದಿ ಮತ್ತು ದುಂಡು ಹಸಿರು ಸಮಸಮ. RrYY ಆಗಿದ್ದರೆ ದುಂಡು ಹಳದಿ ಮತ್ತು ಸುಕ್ಕು ಹಳದಿ ಸಮಸಮ. RrYy ಆಗಿದ್ದರೆ ನಾಲ್ಕೂ ವರ್ಗಗಳು 1:1:1:1. ಮೊದಲ ಪೀಳಿಗೆಯ ಸಂಕರಗಳ ಮೇಲೆ ಮೆಂಡೆಲ್ ನಡೆಸಿದ ಇಂಥ ಒಂದು ಪ್ರಯೋಗದಲ್ಲಿ ದುಂಡು ಹಳದಿ 31, ದುಂಡು ಹಸಿರು 26, ಸುಕ್ಕು ಹಳದಿ 27, ಸುಕ್ಕು ಹಸಿರು 26 ಬೀಜಗಳು ಬಂದವು. ಗಂಡು ಹೆಣ್ಣುಗಳನ್ನು ಅದಲುಬದಲು ಮಾಡಿದಾಗ 24, 25, 22, 27. ಪರಾಗದಲ್ಲೂ ಅಂಡಾಣುವಿನಲ್ಲೂ ನಾಲ್ಕು ಬಗೆಯ ಲಿಂಗಾಣುಗಳು ಸಮಪ್ರಮಾಣದಲ್ಲಿ ಉಂಟಾಗುತ್ತವೆ ಎಂಬ ಅವರ ಊಹೆಗೆ ಇದು ಆಧಾರವಾಯಿತು.

ಈ ಸಂಖ್ಯೆಗಳಲ್ಲಿ ಇನ್ನೊಂದು ಪಾಠವೂ ಇದೆ. 'ಪ್ರಬಲ' ಎಂಬ ಪದವನ್ನು ಕೇಳಿದ ಮಗು ಪ್ರಬಲ ಲಕ್ಷಣವೇ ಎಲ್ಲೆಡೆ ಹೆಚ್ಚಾಗಿರುತ್ತದೆ ಎಂದುಕೊಳ್ಳುತ್ತದೆ. ಇಲ್ಲಿ ಸುಕ್ಕು ಬೀಜಗಳು ಸರಿಸುಮಾರು ಅರ್ಧದಷ್ಟಿವೆ. ಪ್ರಾಬಲ್ಯವೆಂಬುದು ಒಂದೇ ಜೀವಿಯೊಳಗೆ ಎರಡು ರೂಪಗಳು ಕೂಡಿದಾಗ ಯಾವುದು ಕಾಣುತ್ತದೆ ಎಂಬ ಮಾತು, ಸಂಖ್ಯಾಬಲದ ಮಾತಲ್ಲ. ಸಂಖ್ಯೆಯನ್ನು ನಿರ್ಧರಿಸುವುದು ತಂದೆತಾಯಿಗಳ ಜೀನುರೂಪ.

ಪರೀಕ್ಷಾ ಸಂಕರಣದ ಫಲಿತಾಂಶವನ್ನು ಓದುವಾಗ ಎರಡು ಬಗೆಯ ತೀರ್ಮಾನಗಳಿಗೂ ಸಮಾನ ಬಲವಿಲ್ಲ ಎಂಬುದನ್ನು ಗಮನಿಸಬೇಕು. ಒಂದೇ ಒಂದು ಸುಕ್ಕು ಬೀಜ ಕಂಡರೂ ಗಿಡದಲ್ಲಿ r ಇದೆಯೆಂಬುದು ಖಚಿತ. ಆದರೆ ಸುಕ್ಕು ಬೀಜ ಕಾಣಲಿಲ್ಲವೆಂದ ಮಾತ್ರಕ್ಕೆ ಗಿಡ ಶುದ್ಧ ತಳಿಯದೆಂದು ಹೇಳಲಾಗದು. Rr ಗಿಡದ ಒಂದೊಂದು ಬೀಜವೂ ದುಂಡಾಗುವ ಸಂಭವ ಅರ್ಧ. ಐದು ಬೀಜಗಳೂ ದುಂಡಾಗುವ ಸಂಭವ 32ರಲ್ಲಿ ಒಂದು, ಹತ್ತೂ ದುಂಡಾಗುವ ಸಂಭವ 1024ರಲ್ಲಿ ಒಂದು. ಒಂದು ಕಾಯಿಯ ನಾಲ್ಕೈದು ಬೀಜಗಳನ್ನು ನೋಡಿ ತೀರ್ಪು ಕೊಡುವುದು ಅವಸರ. ಹತ್ತರ ಮೇಲೆ ಹೋದರೆ ನೆಮ್ಮದಿ. ಪ್ರಶ್ನೆಪತ್ರಿಕೆಯಲ್ಲಿ 'ಮೂರು ಸಂತಾನಗಳೂ ಪ್ರಬಲ ರೂಪದವು, ಆದ್ದರಿಂದ ತಾಯಿ ಶುದ್ಧ ತಳಿ' ಎಂಬ ವಾಕ್ಯ ಬಂದರೆ ಅದನ್ನು ಪ್ರಶ್ನಿಸುವ ಮಗುವಿಗೆ ಪೂರ್ಣ ಅಂಕ ಸಲ್ಲಬೇಕು.

ಇನ್ನು ಅನುಪಾತ ನಿಜವಾಗಿಯೂ ಮುರಿದುಬೀಳುವ ಸಂದರ್ಭಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಬೇಟ್ಸನ್, ಸಾಂಡರ್ಸ್ ಮತ್ತು ಪನೆಟ್ ಅವರು ಸ್ವೀಟ್ ಪೀ ಎಂಬ ಹೂಬಳ್ಳಿಯಲ್ಲಿ ಎರಡು ಲಕ್ಷಣಗಳನ್ನು ಪರಿಶೀಲಿಸುತ್ತಿದ್ದರು. ನೇರಳೆ ಹೂವು ಕೆಂಪು ಹೂವಿಗಿಂತ ಪ್ರಬಲ. ಉದ್ದನೆಯ ಪರಾಗರೇಣು ದುಂಡು ಪರಾಗರೇಣುವಿಗಿಂತ ಪ್ರಬಲ. ನೇರಳೆ-ಉದ್ದ ಬಳ್ಳಿಯನ್ನು ಕೆಂಪು-ದುಂಡು ಬಳ್ಳಿಯೊಂದಿಗೆ ಸಂಕರಿಸಿ ಪಡೆದ ಎರಡನೆಯ ಪೀಳಿಗೆಯ 6952 ಬಳ್ಳಿಗಳ ಎಣಿಕೆ ಹೀಗಿತ್ತು: ನೇರಳೆ-ಉದ್ದ 4831, ನೇರಳೆ-ದುಂಡು 390, ಕೆಂಪು-ಉದ್ದ 393, ಕೆಂಪು-ದುಂಡು 1338.

ನಮ್ಮ ಕ್ರಮದಂತೆ ಒಂದೊಂದು ಲಕ್ಷಣವನ್ನೂ ಮೊದಲು ಬೇರೆಯಾಗಿ ನೋಡೋಣ. ನೇರಳೆ 5221, ಕೆಂಪು 1731, ಸುಮಾರು 3.02:1. ಉದ್ದ 5224, ದುಂಡು 1728. ಅದೂ ಸುಮಾರು 3.02:1. ಎರಡೂ ನಿರ್ದುಷ್ಟ. ಆದರೆ 9:3:3:1ರಂತೆ ಬರಬೇಕಾಗಿದ್ದುದು ಸುಮಾರು 3910, 1304, 1304, 435. ತಂದೆತಾಯಿಗಳಲ್ಲಿದ್ದ ಕೂಡಿಕೆಗಳೆರಡೂ ನಿರೀಕ್ಷೆಗಿಂತ ತುಂಬ ಹೆಚ್ಚು. ಹೊಸ ಕೂಡಿಕೆಗಳೆರಡೂ ತುಂಬ ಕಡಮೆ. ಕೈ-ವರ್ಗದ ಮೊತ್ತ ಮೂರು ಸಾವಿರವನ್ನು ಮೀರುತ್ತದೆ. ಇದು ಆಕಸ್ಮಿಕವಲ್ಲ. ಮೊದಲ ಎರಡು ಹೇಳಿಕೆಗಳು ನಿಂತವು, ಮೂರನೆಯದು ಬಿತ್ತು. ಈ ಎರಡು ಜೀನುಗಳು ಸ್ವತಂತ್ರವಾಗಿ ವಿಂಗಡಣೆಯಾಗುವುದಿಲ್ಲ. ಅವು ಒಂದೇ ವರ್ಣತಂತುವಿನ ಮೇಲೆ ಹತ್ತಿರದಲ್ಲಿವೆ. ಇದನ್ನು ಸಂಲಗ್ನತೆ ಎನ್ನುತ್ತೇವೆ. ಮೊದಲೇ ಬೇರೆಯಾಗಿ ಕೂಡಿಸಿ ನೋಡದೆ ಹೋಗಿದ್ದರೆ, ದೋಷ ಎಣಿಕೆಯದೋ, ಕೆಂಪು ಬಳ್ಳಿಗಳು ಸತ್ತುಹೋದದ್ದರಿಂದ ಆದದ್ದೋ, ಸಂಲಗ್ನತೆಯೋ ಎಂದು ಹೇಳಲು ಸಾಧ್ಯವಿರುತ್ತಿರಲಿಲ್ಲ. ಒಂದು ವರ್ಗದ ಸಸಿಗಳು ಹೆಚ್ಚಾಗಿ ಸಾಯುತ್ತಿದ್ದರೆ ಆ ಲಕ್ಷಣದ 3:1 ಅನುಪಾತವೇ ಕೆಡುತ್ತಿತ್ತು.

ಸಂಲಗ್ನತೆ ಎಷ್ಟು ಬಿಗಿಯಾಗಿದೆ ಎಂಬುದನ್ನು ಎರಡನೆಯ ಪೀಳಿಗೆಯ ಸಂಖ್ಯೆಗಳಿಂದ ನೇರವಾಗಿ ಓದುವುದು ಕಷ್ಟ. ಅಲ್ಲಿ ಎರಡೂ ಕಡೆಯ ಲಿಂಗಾಣುಗಳು ಬೆರೆತು ಪ್ರಬಲ ರೂಪದ ಹಿಂದೆ ಅಡಗುತ್ತವೆ. ಪರೀಕ್ಷಾ ಸಂಕರಣದಲ್ಲಿ ಅದು ಸರಳ. ಮಾರ್ಗನ್ ಅವರ ಹಣ್ಣುನೊಣದ ಪ್ರಸಿದ್ಧ ಉದಾಹರಣೆಯಲ್ಲಿ ಬೂದು ಮೈ ಮತ್ತು ಪೂರ್ಣ ರೆಕ್ಕೆಯ ಸಂಕರ ಹೆಣ್ಣನ್ನು ಕಪ್ಪು ಮೈ ಮತ್ತು ಮೊಟಕು ರೆಕ್ಕೆಯ ಗಂಡಿನೊಂದಿಗೆ ಸೇರಿಸಲಾಯಿತು. 2300 ಮರಿಗಳಲ್ಲಿ ಬೂದು-ಪೂರ್ಣ 965, ಕಪ್ಪು-ಮೊಟಕು 944, ಬೂದು-ಮೊಟಕು 206, ಕಪ್ಪು-ಪೂರ್ಣ 185. ಬೇರೆ ಬೇರೆಯಾಗಿ ನೋಡಿದರೆ ಬೂದು 1171, ಕಪ್ಪು 1129. ಪೂರ್ಣ ರೆಕ್ಕೆ 1150, ಮೊಟಕು ರೆಕ್ಕೆ 1150. ಪ್ರತಿ ಲಕ್ಷಣವೂ 1:1. ಜೋಡಿಯಾಗಿ ನೋಡಿದರೆ 1:1:1:1 ಅಲ್ಲ. ಹೊಸ ಕೂಡಿಕೆಗಳು 206 ಮತ್ತು 185 ಸೇರಿ 391. 2300ರಲ್ಲಿ ಇದು ನೂರಕ್ಕೆ 17. ಅಂದರೆ ತಾಯಿಯ ನೂರು ಅಂಡಾಣುಗಳಲ್ಲಿ ಹದಿನೇಳು, ವರ್ಣತಂತುಗಳ ಭಾಗಗಳು ಅದಲುಬದಲಾದ ಬಳಿಕ ರೂಪುಗೊಂಡವು. ಸಂಕರವಾಗಿ ಹೆಣ್ಣನ್ನೇ ಆರಿಸಿದ್ದಕ್ಕೂ ಕಾರಣವಿದೆ: ಗಂಡು ಹಣ್ಣುನೊಣದಲ್ಲಿ ಈ ಅದಲುಬದಲು ನಡೆಯುವುದಿಲ್ಲ. ಸಂಕರ ಗಂಡನ್ನು ಬಳಸಿದರೆ ಮೊದಲ ಎರಡು ವರ್ಗಗಳಷ್ಟೇ ಕಾಣುತ್ತವೆ.

ಇದನ್ನು ತರಗತಿಯಲ್ಲಿ ಮಾಡಿಸಲು ನಾಲ್ಕು ನಾಣ್ಯಗಳು ಸಾಕು. ಎರಡು ಒಂದು ರೂಪಾಯಿಯವು ಆಕಾರಕ್ಕೆ, ಎರಡು ಐದು ರೂಪಾಯಿಯವು ಬಣ್ಣಕ್ಕೆ. ಸಿಂಹದ ಮುಖ ಪ್ರಬಲ, ಸಂಖ್ಯೆಯ ಮುಖ ದುರ್ಬಲ. ನಾಲ್ಕನ್ನೂ ಒಟ್ಟಿಗೆ ಚಿಮ್ಮಿದಾಗ ಒಂದು ರೂಪಾಯಿಯ ಜೋಡಿಯಲ್ಲಿ ಒಂದಾದರೂ ಸಿಂಹವಿದ್ದರೆ ಬೀಜ ದುಂಡು. ಐದು ರೂಪಾಯಿಯ ಜೋಡಿಯಲ್ಲಿ ಒಂದಾದರೂ ಸಿಂಹವಿದ್ದರೆ ಹಳದಿ. ಪ್ರತಿ ಮಗುವೂ ಹದಿನಾರು ಸಲ ಚಿಮ್ಮಿ ಬಂದದ್ದನ್ನು ಬಂದಂತೆಯೇ ಬರೆಯಲಿ. ಬಳಿಕ ಎಲ್ಲರ ಎಣಿಕೆಯನ್ನೂ ಕರಿಹಲಗೆಯ ಮೇಲೆ ಕೂಡಿಸಿರಿ. ನಲವತ್ತು ಮಕ್ಕಳಿದ್ದರೆ 640 ಬೀಜಗಳಾಗುತ್ತವೆ. ನಿರೀಕ್ಷೆ 360, 120, 120, 40. ಒಬ್ಬೊಬ್ಬರ ಪಟ್ಟಿ ಅಂಕುಡೊಂಕಾಗಿದ್ದರೂ ಮೊತ್ತ ಅನುಪಾತದ ಹತ್ತಿರ ಬರುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ನಿಮ್ಮ ಶಾಲೆಯಲ್ಲಿ ಮಕ್ಕಳು ಹನ್ನೆರಡೇ ಇದ್ದರೆ ಚಿಮ್ಮುವ ಸರದಿಗಳನ್ನು ಹೆಚ್ಚಿಸಿರಿ.

ಪರೀಕ್ಷಾ ಸಂಕರಣಕ್ಕೆ ಒಂದು ರೂಪಾಯಿಯ ಒಂದು, ಐದು ರೂಪಾಯಿಯ ಒಂದು ನಾಣ್ಯ ಸಾಕು. ಇನ್ನೊಂದು ಗಿಡ ಯಾವಾಗಲೂ ry ಕೊಡುವುದರಿಂದ ಅದಕ್ಕೆ ನಾಣ್ಯವೇ ಬೇಡ. ಬಿದ್ದ ಮುಖವೇ ಬೀಜದ ರೂಪ. ಆ ಬಳಿಕ ಎರಡೂ ನಾಣ್ಯಗಳನ್ನು ಸಿಂಹದ ಮುಖ ಒಂದೇ ಕಡೆಗೆ ಬರುವಂತೆ ಒಂದು ರಟ್ಟಿನ ತುಂಡಿನ ಮೇಲೆ ಅಕ್ಕಪಕ್ಕ ಅಂಟಿಸಿ ಚಿಮ್ಮಿಸಿರಿ. ನಾಲ್ಕು ವರ್ಗಗಳಲ್ಲಿ ಎರಡು ಮಾಯವಾಗುತ್ತವೆ. ಪೂರ್ಣ ಸಂಲಗ್ನತೆಯೆಂದರೆ ಅದು. ಆಗಲೂ ಆಕಾರ 1:1, ಬಣ್ಣ 1:1 ಆಗಿಯೇ ಉಳಿದಿರುವುದನ್ನು ಮಕ್ಕಳಿಂದಲೇ ಹೇಳಿಸಿರಿ.

ಆ ಹುಡುಗಿಯ ಪುಸ್ತಕ ಇಂದು ನನ್ನ ಮುಂದೆ ಬಂದರೆ 'ತಪ್ಪು' ಎಂದು ಬರೆಯಲಾರೆ. 'ನಿನ್ನ ಎಣಿಕೆ ಸರಿ. ದುಂಡು ಎಷ್ಟು, ಸುಕ್ಕು ಎಷ್ಟು ಎಂದು ಬೇರೆಯಾಗಿ ಕೂಡಿಸು. ಬಳಿಕ ನಿನ್ನ ಗೆಳತಿಯರ ಎಣಿಕೆಯನ್ನು ಇದಕ್ಕೆ ಸೇರಿಸು' ಎಂದು ಬರೆಯುತ್ತೇನೆ. ಅವಳ ದುಂಡು ಬೀಜಗಳು 14, ಸುಕ್ಕು ಎರಡೇ. ಹಳದಿ 13, ಹಸಿರು ಮೂರು. ಹದಿನಾರು ಬೀಜಗಳಿಂದ ಅದಕ್ಕಿಂತ ಹೆಚ್ಚಿನದನ್ನು ಹೇಳಲಾಗದು ಎಂಬುದೂ ಒಂದು ಸರಿಯುತ್ತರವೇ.